ದಾಖಲೆ ಸ್ಕ್ಯಾನ್‌ಗೆ ಯಾವುದು: ಗ್ರೂಪ್ 4, ಜೆಬಿಗ್2 ಲಾಸ್‌ಲೆಸ್, ಜೆಬಿಗ್2 ಸಿಂಬಲ್?

ಕಪ್ಪು-ಬಿಳುಪು ಪುಟಗಳನ್ನು ಪಿಡಿಎಫ್‌ಗೆ ಇಳಿಸುವಾಗ, ಚಿತ್ರವನ್ನು ಕುಗ್ಗಿಸಿ ಉಳಿಸಲು ಎದುರಾಗುವ ಆಯ್ಕೆಗಳು ಮೂರು. ನನ್ನ ಮತ ಹಳೆಯ ಫ್ಯಾಕ್ಸ್ ಕಾಲದ ಗ್ರೂಪ್ 4ಕ್ಕೆ. ಜೆಬಿಗ್2ರ ಲಾಸ್‌ಲೆಸ್ ವಿಧಾನವೂ ಒಂದು ಚುಕ್ಕೆಯನ್ನೂ ಬದಲಿಸದ ಪ್ರಾಮಾಣಿಕವಾದದ್ದೇ, ಫೈಲೂ ಇನ್ನಷ್ಟು ಚಿಕ್ಕದಾಗುತ್ತದೆ. ತಕರಾರಿರುವುದು ಮೂರನೆಯದರ ಮೇಲೆ, ಅಂದರೆ ಒಂದೇ ರೀತಿ ಕಾಣುವ ಆಕಾರಗಳನ್ನು ಮರುಬಳಸುವ ಸಿಂಬಲ್ ವಿಧಾನದ ಮೇಲೆ.

ಅದು ಪುಟದಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಕಪ್ಪು ಚುಕ್ಕೆಗಳ ಪ್ರತಿ ಗುಂಪನ್ನೂ ಬೇರ್ಪಡಿಸುತ್ತದೆ. ಮೊದಲ ಸಲ ಸಿಕ್ಕ ಆಕಾರವನ್ನು ಒಂದು ನಿಘಂಟಿಗೆ ಸೇರಿಸುತ್ತದೆ. ಮುಂದೆ ಅಂಥದ್ದೇ ಇನ್ನೊಂದು ಸಿಕ್ಕರೆ ಅದರ ಚಿತ್ರವನ್ನು ಉಳಿಸುವುದೇ ಇಲ್ಲ, ‘ನಿಘಂಟಿನ ಇಂತಿಷ್ಟನೆಯ ಆಕಾರವನ್ನು ಇಲ್ಲಿಡು’ ಎಂದಷ್ಟೇ ಬರೆದುಕೊಳ್ಳುತ್ತದೆ. ಎಡವಟ್ಟೆಲ್ಲ ಆ ‘ಅಂಥದ್ದೇ’ ಎನ್ನುವ ತೀರ್ಮಾನದಲ್ಲಿದೆ.

200 ಡಿಪಿಐನಲ್ಲಿ 7 ಪಾಯಿಂಟ್ ಅಂಕಿಯೊಂದನ್ನು ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 14 ಚುಕ್ಕೆ, ಅಗಲ 9 ಇದ್ದೀತು. 6ಕ್ಕೂ 8ಕ್ಕೂ ಇರುವ ಮುಖ್ಯ ವ್ಯತ್ಯಾಸ ಮೇಲಿನ ಬಲಬದಿಯ ಒಂದು ಸಂದು. ಅದು ಎರಡು ಚುಕ್ಕೆ ಅಗಲ, ಮೂರು ಚುಕ್ಕೆ ಎತ್ತರ ಎಂದಿಟ್ಟುಕೊಂಡರೆ ಒಟ್ಟು ಆರು ಚುಕ್ಕೆ. ಆದರೆ ಒಂದೇ 8ನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಶಾಯಿಯ ಅಂಚಿನಲ್ಲಿ ಐದಾರು ಚುಕ್ಕೆ ಅತ್ತಿತ್ತ ಆಗುವುದು ಮಾಮೂಲು. ಅಂಚಿನ ಈ ಗಲೀಜನ್ನು ಕಡೆಗಣಿಸುವಷ್ಟು ಸಡಿಲ ಬಿಟ್ಟರೆ, ಅದೇ ಸಡಿಲದಲ್ಲಿ 6 ಕೂಡ 8ರ ಜಾಗಕ್ಕೆ ನುಸುಳುತ್ತದೆ. ಬಿಗಿ ಮಾಡಿದರೆ ಹೊಂದಾಣಿಕೆಗಳೇ ಸಿಗದೆ ಫೈಲ್ ದಪ್ಪವಾಗುತ್ತದೆ. ಡಿಪಿಐ ಹೆಚ್ಚಿಸಿದರೆ ಅಪಾಯ ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಕನ್ನಡದ ಪುಟವಾದರೆ ದ-ಧ, ಪ-ಫ, ಡ-ಢ ಜೋಡಿಗಳನ್ನು ನೆನೆಯಿರಿ. ಕೆಳಗಿನ ಆ ಸೀಳು ಅಕ್ಷರಕ್ಕೆ ಅಂಟಿಕೊಂಡಿದ್ದರೆ ವ್ಯತ್ಯಾಸ ಅಷ್ಟೇ ಸಣ್ಣದು.

2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಬಯಲಿಗೆಳೆದದ್ದು ಇದನ್ನೇ. ಕಟ್ಟಡದ ನಕ್ಷೆಯೊಂದರಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಎಂದಿತ್ತು. ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಮೂರೂ ಕೋಣೆ 14.13 ಆಗಿದ್ದವು. ಅಂಕಿಗಳು ಮಸುಕಾಗಿರಲಿಲ್ಲ, ಚೊಕ್ಕಟವಾಗಿಯೇ ಇದ್ದವು. ಅತಿಯಾದ ಜೆಪೆಗ್ ಕಂಪ್ರೆಷನ್ ಅಕ್ಷರವನ್ನು ಕಲೆಸಿಬಿಡುವುದರಿಂದ ಓದುವವರಿಗೆ ಅನುಮಾನವಾದರೂ ಬರುತ್ತದೆ. ಇಲ್ಲಿ ಅದಕ್ಕೂ ಅವಕಾಶವಿಲ್ಲ. ಆಮೇಲೆ ಓಸಿಆರ್ ಓಡಿಸಿದರೆ ಅದು ತಪ್ಪು ಅಂಕಿಯನ್ನೇ ಸರಿಯಾಗಿ ಓದುತ್ತದೆ. 17.42ರ ಜಾಗಕ್ಕೆ ಬಂದ 14.13ಕ್ಕೆ ಯಾವ ಸ್ಪೆಲ್‌ಚೆಕ್ಕೂ ಕೆಂಪು ಗೆರೆ ಎಳೆಯುವುದಿಲ್ಲ. ಜರ್ಮನಿಯ ಮಾಹಿತಿ ಭದ್ರತಾ ಸಂಸ್ಥೆ 2015ರಲ್ಲಿ, ಮೂಲ ಕಾಗದದ ಬದಲಿಗೆ ಇಡುವ ಸ್ಕ್ಯಾನ್‌ಗಳಿಗೆ ಈ ಬಗೆಯ ಹೊಂದಿಸಿ-ಬದಲಿಸುವ ವಿಧಾನ ಬೇಡ ಎಂದಿತು.

ಕೈಯಲ್ಲಿರುವ ಫೈಲಿನೊಳಗೆ ಯಾವ ವಿಧಾನವಿದೆ ಎಂದು ನೋಡಲು:

```
pdfimages -list dakhale.pdf
```

`enc` ಕಾಲಮ್ಮಿನಲ್ಲಿ `ccitt` ಇದ್ದರೆ ಆ ಫೈಲಿನಲ್ಲಿ ಬಳಸಿದ್ದು ಗ್ರೂಪ್ 4ರ ಕುಟುಂಬದ ಲಾಸ್‌ಲೆಸ್ ವಿಧಾನ. `jbig2` ಎಂದಿದ್ದರೆ ಲಾಸ್‌ಲೆಸ್ಸೋ ಸಿಂಬಲ್ಲೋ ಗೊತ್ತಾಗುವುದಿಲ್ಲ, ಎರಡಕ್ಕೂ ಹೆಸರು ಒಂದೇ. ನನಗೆ ಜೆಬಿಗ್2 ಲಾಸ್‌ಲೆಸ್ ಹಿಡಿಸದಿರಲು ಇದೊಂದೇ ಕಾರಣ: ಹತ್ತು ವರ್ಷದ ನಂತರ ಫೈಲ್ ತೆರೆದವರು ಸೆಟ್ಟಿಂಗ್ ಏನಿತ್ತೆಂದು ಯಾರನ್ನು ಕೇಳಬೇಕು? ಅನುಮಾನವಿದ್ದರೆ 800% ಹಿಗ್ಗಿಸಿ, ಒಂದೇ ಅಂಕಿ ಬಂದಿರುವ ನಾಲ್ಕೈದು ಜಾಗಗಳನ್ನು ಹೋಲಿಸಿ. ಕಾಗದದಿಂದ ಬಂದ ಎರಡು 8ಗಳು ಚುಕ್ಕೆ ಚುಕ್ಕೆಗೂ ಒಂದೇ ಆಗಿರುವುದು ಬಲು ಅಪರೂಪ. ಎಲ್ಲವೂ ಅಚ್ಚೊತ್ತಿದಂತಿದ್ದರೆ ಅವು ನಿಘಂಟಿನಿಂದ ಬಂದವೇ.

ಗ್ರೂಪ್ 4 ಪಿಡಿಎಫ್ ಮಾಡುವುದು ಎರಡು ಸಾಲಿನ ಕೆಲಸ, ಮೂಲ ಟಿಫ್ ಮಾತ್ರ 1-ಬಿಟ್ ಆಗಿರಬೇಕು:

```
tiffcp -c g4 puta.tif puta-g4.tif
img2pdf puta-g4.tif -o puta.pdf
```

ಜಾಗದ ಲೆಕ್ಕಕ್ಕೆ ಬಂದರೆ, ಪುಟಕ್ಕೆ 50 ಕೆಬಿ ಹಿಡಿದರೂ 20,000 ಪುಟಕ್ಕೆ 1 ಜಿಬಿ. ಸಿಂಬಲ್ ವಿಧಾನ ಅದನ್ನು ಅರ್ಧಕ್ಕಿಳಿಸಿದರೆ ಉಳಿಯುವುದು ಅರ್ಧ ಜಿಬಿ. ಅಷ್ಟಕ್ಕಾಗಿ ಲೆಕ್ಕಪತ್ರ, ನಕ್ಷೆ, ಔಷಧದ ಪ್ರಮಾಣ, ಅಂಕಪಟ್ಟಿ, ಸರ್ವೆ ನಂಬರ್ ಇರುವ ಯಾವುದನ್ನೂ ನಾನು ಒಪ್ಪಿಸುವುದಿಲ್ಲ. ಮೂಲ ಪುಸ್ತಕ ಕಪಾಟಿನಲ್ಲೇ ಇದ್ದು, ಫೋನಿನಲ್ಲಿ ಓದಲಿಕ್ಕಷ್ಟೇ ಪ್ರತಿ ಬೇಕಾದರೆ ಸಿಂಬಲ್ ಇರಲಿ.

`jbig2enc` ಬಳಸುವವರು `-s` ಕೊಡದಿದ್ದರೆ ಸಾಕು, ಲಾಸ್‌ಲೆಸ್ ದಾರಿಯಲ್ಲೇ ಹೋಗುತ್ತದೆ. ಆಫೀಸಿನ ದೊಡ್ಡ ಯಂತ್ರಗಳಲ್ಲಿ ಮೆನುವಿನ ‘ನಾರ್ಮಲ್’, ‘ಹೈ’ ಎಂಬ ಹೆಸರುಗಳನ್ನು ನಂಬಬೇಡಿ. 2013ರ ಪ್ರಕರಣದಲ್ಲಿ ಮೇಲಿನ ದರ್ಜೆಯ ಸೆಟ್ಟಿಂಗಿನಲ್ಲೂ ಅಂಕಿ ಬದಲಾಗಿತ್ತು. 7 ಪಾಯಿಂಟ್‌ನಲ್ಲಿ 6, 8ಗಳ ಪುಟವೊಂದನ್ನು ಮುದ್ರಿಸಿ, ಸ್ಕ್ಯಾನ್ ಮಾಡಿ, ಮೂಲದ ಜೊತೆ ಸಾಲು ಸಾಲಾಗಿ ತಾಳೆ ನೋಡಿ.

ಸಿಂಬಲ್‌ನಲ್ಲಿ ಈಗಾಗಲೇ ಉಳಿಸಿದ್ದನ್ನು ಗ್ರೂಪ್ 4ಕ್ಕೆ ಬದಲಿಸಿ ಪ್ರಯೋಜನವಿಲ್ಲ, ತಪ್ಪು ಅಂಕಿ ಹಾಗೇ ಉಳಿದು `ccitt` ಎಂಬ ಹೊಸ ಹೆಸರಷ್ಟೇ ಅಂಟುತ್ತದೆ. ಕಾಗದವನ್ನೇ ಮತ್ತೆ ಸ್ಕ್ಯಾನ್ ಮಾಡಬೇಕು. ಕಾಗದ ರದ್ದಿಗೆ ಹೋಗಿದ್ದರೆ ಮೊತ್ತ, ಬಾಕಿ, ಬಿಡಿ ಅಂಕಿಗಳ ಕೂಡಿಕೆ ಹೊಂದುತ್ತದೆಯೇ ಎಂದು ನೋಡುವುದೊಂದೇ ಉಳಿದ ದಾರಿ.