ದಿನಾ ಸ್ಟಾಕ್ ನೋಡಿ ಆರ್ಡರ್ ಮಾಡೋದಾ, ವಾರಕ್ಕೊಮ್ಮೆ ಎಣಿಸಿ ಮಾಡೋದಾ?

ಅಂಗಡಿಯಲ್ಲಿ ಎರಡನ್ನೂ ನಡೆಸಿ ನೋಡಿದ ಮೇಲೆ ನಾನು ಪೀರಿಯಾಡಿಕ್ ರಿವ್ಯೂ ಕಡೆಗೆ ವಾಲಿದ್ದೇನೆ. ಅಂದರೆ ವಾರಕ್ಕೊಂದು ದಿನ ಎಣಿಸಿ, ಕಡಿಮೆ ಇರುವಷ್ಟನ್ನು ತರಿಸುವುದು. ಕಂಟಿನ್ಯೂಯಸ್ ರಿವ್ಯೂನಲ್ಲಿ ಕಂಪ್ಯೂಟರ್ ಸದಾ ಸ್ಟಾಕ್ ನೋಡುತ್ತಿರುತ್ತದೆ, ಒಂದು ಮಟ್ಟಕ್ಕೆ ಇಳಿದ ಕೂಡಲೇ ಆರ್ಡರ್ ಮಾಡು ಅನ್ನುತ್ತದೆ.

ಲೆಕ್ಕದಲ್ಲಿ ಗೆಲ್ಲುವುದು ಕಂಟಿನ್ಯೂಯಸ್ಸೇ. ದಿನಕ್ಕೆ ಸರಾಸರಿ 10 ಹೋಗುವ ಒಂದು ಸೋಪು ತಗೊಳ್ಳಿ. ದಿನದ ಮಾರಾಟದ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ, 4, ಆರ್ಡರ್ ಕೊಟ್ಟ 2 ದಿನಕ್ಕೆ ಮಾಲು ಬರುತ್ತದೆ. ನೂರಕ್ಕೆ 95 ಸಲ ಸ್ಟಾಕ್ ಸಾಕಾಗಬೇಕು ಅಂದರೆ ಗುಣಕ 1.65. ಮಾರಾಟ ಏರಿದರೂ ಖಾಲಿಯಾಗದಂತೆ ಇಡುವ ಕೈಕಾವಲಿಗೆ 1.65 × 4 × √2, ಹತ್ತಿರ ಹತ್ತಿರ 10 ಸೋಪು ಸಾಕು. ಎರಡು ದಿನದ ಮಾರಾಟ ಸೇರಿಸಿದರೆ 30ಕ್ಕೆ ಇಳಿದಾಗ ಆರ್ಡರ್. ವಾರಕ್ಕೊಮ್ಮೆ ಮಾಡಿದರೆ 7 ದಿನಕ್ಕೆ 2 ಸೇರಿ 9 ದಿನ ಕಾಯಬೇಕು, ಕಾವಲು 1.65 × 4 × √9, ಹತ್ತಿರ ಹತ್ತಿರ 20 ಆಗುತ್ತದೆ, ಎಣಿಸಿದ ದಿನ ಮುಟ್ಟಿಸಬೇಕಾದ ಗುರಿ 90 + 20 = 110. ಎಣಿಸಿದಾಗ 45 ಇದ್ದು, ಬರಬೇಕಾದ ಮಾಲು ಏನೂ ಇಲ್ಲದಿದ್ದರೆ 65 ತರಿಸಬೇಕು. ಕಾವಲಿಗೆ ಹತ್ತು ಸೋಪು ಜಾಸ್ತಿ, ಅಷ್ಟೇ ತಾನೆ?

ನನ್ನ ತಲೆ ತಿಂದದ್ದು ಬೇರೆ. ಒಂದೇ ಬೆಲೆಯ ನಾಲ್ಕು ಪರಿಮಳದ ಸೋಪು ಗ್ರಾಹಕರು ತಂದಿಟ್ಟರೆ, ಕೌಂಟರ್ ಹುಡುಗ ಒಂದನ್ನೇ ನಾಲ್ಕು ಸಲ ಸ್ಕ್ಯಾನ್ ಮಾಡಿ ಕಳಿಸುತ್ತಾನೆ. ಬಿಲ್ ಸರಿಯಾಗಿದೆ, ದುಡ್ಡೂ ಸರಿಯಾಗಿದೆ, ಸ್ಟಾಕ್ ಮಾತ್ರ ಹಾಳು. ಉಳಿದ ಮೂರು ಪರಿಮಳ ಶೆಲ್ಫಿನಿಂದ ಹೋಗಿವೆ, ಕಂಪ್ಯೂಟರಿನಲ್ಲಿ ಹಾಗೇ ಇವೆ.

ಇದು ತನ್ನಷ್ಟಕ್ಕೆ ಸರಿಹೋಗುವುದೂ ಇಲ್ಲ. ಕಂಪ್ಯೂಟರ್ 36 ಅನ್ನುತ್ತದೆ, ಶೆಲ್ಫ್ ಖಾಲಿ. ಮಾಲೇ ಇಲ್ಲದ ಮೇಲೆ ಮಾರಾಟ ಇಲ್ಲ, ಮಾರಾಟ ಇಲ್ಲದಿದ್ದರೆ ಆ 36 ಯಾವತ್ತೂ 30ಕ್ಕೆ ಇಳಿಯುವುದಿಲ್ಲ, ಹಾಗಾಗಿ ಆರ್ಡರ್ ಹೋಗುವುದೇ ಇಲ್ಲ. ಪತ್ತೆ ಮಾಡಲು ಒಂದು ದಾರಿ ಇದೆ: ದಿನಾ ಹೋಗುತ್ತಿದ್ದ ಸಾಮಾನು ಎರಡು ಮೂರು ದಿನ ಒಂದೂ ಮಾರಾಟವಾಗಿಲ್ಲ, ಆದರೂ ಸ್ಟಾಕ್ ತೋರಿಸುತ್ತಿದೆ ಅಂದರೆ ಎದ್ದು ಹೋಗಿ ಶೆಲ್ಫ್ ನೋಡಿ. ವಾರಕ್ಕೊಮ್ಮೆ ಹೇಗೂ ಕಣ್ಣಾರೆ ಎಣಿಸುವವರಿಗೆ ಈ ತಪ್ಪು ಒಂದು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದರೆ ಎಣಿಸದೆ ಸುಮ್ನೆ ಕಂಪ್ಯೂಟರಿನ ಅಂಕಿ ನೋಡಿ ಆರ್ಡರ್ ಬರೆದರೆ ಇಲ್ಲೂ ಅದೇ ಗತಿ.

ಇನ್ನೊಂದು, ನಿಮ್ಮ ಸಪ್ಲೈಯರ್ ವಾರಕ್ಕೊಂದೇ ದಿನ ಆರ್ಡರ್ ತಗೊಳ್ಳುವವರಾದರೆ 30ರ ಲೆಕ್ಕಕ್ಕೆ ಅರ್ಥವೇ ಇಲ್ಲ. ಅವರು ಹೋದ ಮರುದಿನ ಸ್ಟಾಕ್ 30ಕ್ಕೆ ಇಳಿದರೆ ಮಾಲು ಬರಲು 8 ದಿನ ಬೇಕು.

ದುಬಾರಿ ಸಾಮಾನಿಗೆ ಮಾತ್ರ ನಾನೂ ಕಂಟಿನ್ಯೂಯಸ್ಸೇ ಇಟ್ಟುಕೊಂಡಿದ್ದೇನೆ, ಅಲ್ಲಿ ಹೆಚ್ಚುವರಿ ಕಾವಲಿಗೆ ಹಾಕುವಷ್ಟು ದುಡ್ಡಿಲ್ಲ. ಅದಕ್ಕೂ ಕಂಪ್ಯೂಟರ್ ಬೇಡ. ಆರ್ಡರ್ ಮಟ್ಟದಷ್ಟು ಮಾಲನ್ನು ಬೇರೆ ಡಬ್ಬದಲ್ಲಿ ಹಾಕಿ ಟೇಪ್ ಅಂಟಿಸಿ ಹಿಂದೆ ಇಡುತ್ತೇನೆ, ಟೇಪ್ ಕಿತ್ತ ದಿನವೇ ಫೋನ್ ಮಾಡುತ್ತೇನೆ.