ಬರಹ ಶೈಲಿ ಕೈಪಿಡಿ: ಮೂರು ವರ್ಷ ಬಳಸಿದ ಮೇಲೆ

ಉಡುಪಿಯ ಸಹಕಾರ ಸಂಘವೊಂದು ತನ್ನ ಶಾಖೆಗಳಿಗಾಗಿ ಮಾಡಿಸಿಕೊಂಡ ಶೈಲಿ ಕೈಪಿಡಿಯ ಬಗ್ಗೆ ಈ ವಿಮರ್ಶೆ. ಸುತ್ತೋಲೆ, ಮಹಾಸಭೆಯ ನೋಟೀಸು, ವಾರ್ಷಿಕ ವರದಿ, ಸದಸ್ಯರಿಗೆ ಹೋಗುವ ಪತ್ರ, ಎಲ್ಲವೂ ಮೂರು ವರ್ಷಗಳಿಂದ ಇದನ್ನೇ ಅನುಸರಿಸುತ್ತಿವೆ. ಕಾಗುಣಿತ, ದಿನಾಂಕ, ಶೀರ್ಷಿಕೆ, ಬರಹದ ಧಾಟಿ ಎಂದು ನಾಲ್ಕು ಭಾಗ. ದಿನಾಂಕದ ಭಾಗ ಅತ್ಯುತ್ತಮ. ಧಾಟಿಯ ಭಾಗ ತೀರಾ ತೆಳು. ಕಾಗುಣಿತದ ಭಾಗ ಕಣ್ಣಿಗೆ ಕಾಣುವ ವ್ಯತ್ಯಾಸಗಳನ್ನೆಲ್ಲ ಸರಿಪಡಿಸುತ್ತದೆ, ಕಾಣದವುಗಳನ್ನು ಬಿಟ್ಟುಬಿಡುತ್ತದೆ. ಹೆಚ್ಚು ತೊಂದರೆ ಕೊಟ್ಟದ್ದು ಆ ಕಾಣದವುಗಳೇ ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇವೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಕೈಪಿಡಿಯಲ್ಲಿ ಊರ ಹೆಸರುಗಳಿಗೆಂದೇ ಒಂದು ಪಟ್ಟಿ ಇದೆ. ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ ಎಂದು ಮೂರು ಬಗೆಯಲ್ಲಿ ಬರೆಯುವ ಊರಿಗೆ ಮೂಡುಬಿದಿರೆ ಎಂಬ ಒಂದೇ ರೂಪ. ಮುಲ್ಕಿ ಬೇಡ, ಮೂಲ್ಕಿ. ಯಾವ ರೂಪ ಸರಿ ಎಂದು ವಾದ ಮಾಡದೆ, ನಮ್ಮ ಕಾಗದಪತ್ರದಲ್ಲಿ ಇದು ಎಂದಷ್ಟೇ ಹೇಳಿ ಮುಗಿಸಿದ್ದಾರೆ. ಹಾಗಿದ್ದರೇ ಪಟ್ಟಿ ಬಳಕೆಗೆ ಬರುತ್ತದೆ. ಇಂಗ್ಲಿಷ್ ಪತ್ರಗಳಿಗೂ ಒಂದು ಜಾಣ ನಿಯಮವಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು, ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು. ಆದರೆ ನೋಂದಾಯಿತ ಹೆಸರುಗಳು ತಾವಾಗಿ ಬದಲಾಗಲಿಲ್ಲ. ಮ್ಯಾಂಗಲೋರ್ ರಿಫೈನರಿ ಆ್ಯಂಡ್ ಪೆಟ್ರೋಕೆಮಿಕಲ್ಸ್ ಇವತ್ತಿಗೂ ಅದೇ ಹೆಸರಿನ ಕಂಪನಿ. ಕಡತದಲ್ಲಿ ಒಂದೇ ಏಟಿಗೆ 'ಎಲ್ಲ ಬದಲಿಸು' ಒತ್ತಿದರೆ ಇಂಥ ಹೆಸರೂ ಕೆಡುತ್ತದೆ, ಆ ಕಾಗದ ಕರಾರುಪತ್ರವಾಗಿದ್ದರೆ ತಕರಾರಿಗೆ ದಾರಿಯಾಗುತ್ತದೆ. ಊರಿಗೆ ಈಗಿನ ಹೆಸರು, ಸಂಸ್ಥೆಗೆ ನೋಂದಣಿಯಲ್ಲಿರುವ ಹೆಸರು ಎಂಬ ಕೈಪಿಡಿಯ ಒಂದು ಸಾಲು ಇದನ್ನು ತಪ್ಪಿಸುತ್ತದೆ.

ಈಗ ಕಾಣದ ತಪ್ಪುಗಳು. ಕನ್ನಡದ ಸೊನ್ನೆ ಅಂಕಿ ೦, ಅನುಸ್ವಾರ ಂ, ಎರಡೂ ಕಣ್ಣಿಗೆ ಬಹುತೇಕ ಒಂದೇ. ಬೆರಳಚ್ಚು ಮಾಡುವಾಗ ಅನುಸ್ವಾರದ ಜಾಗದಲ್ಲಿ ಅಂಕಿ ಬಿದ್ದರೆ 'ಮ೦ಗಳೂರು' ಎಂದಾಗುತ್ತದೆ. ಮುದ್ರಣದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಶಾಖಾವಾರು ಠೇವಣಿ ಪಟ್ಟಿಯನ್ನು ಅಕ್ಷರಾನುಕ್ರಮವಾಗಿ ಜೋಡಿಸಿದಾಗ ಮಾತ್ರ ಮಂಗಳೂರು ಶಾಖೆ ಎರಡು ಕಡೆ ಕಾಣಿಸಿಕೊಳ್ಳುತ್ತದೆ, ಎರಡು ಮೊತ್ತದೊಂದಿಗೆ. ಒಂದೇ ಹೆಸರು ಎರಡು ಸಾಲಿನಲ್ಲಿ ಬಂದಿದ್ದರೆ ಮೊದಲ ಅನುಮಾನ ಈ ಸೊನ್ನೆಯ ಮೇಲೆಯೇ ಇರಲಿ. ಲಿಬ್ರೆ ಆಫೀಸಿನಲ್ಲಿ Ctrl+H ಒತ್ತಿ, Regular expressions ಆಯ್ಕೆಗೆ ಗುರುತು ಹಾಕಿ, ಮೊದಲ ಸಾಲನ್ನು Find ಜಾಗದಲ್ಲೂ ಎರಡನೆಯದನ್ನು Replace ಜಾಗದಲ್ಲೂ ಕೊಟ್ಟರೆ ಸಾಕು:

```
([\u0C85-\u0CCD])\u0CE6
$1ಂ
```

ಕನ್ನಡ ಅಕ್ಷರ ಅಥವಾ ಗುಣಿತದ ಚಿಹ್ನೆಗೆ ತಾಗಿಕೊಂಡು ಬಂದ ಸೊನ್ನೆಯನ್ನು ಮಾತ್ರ ಇದು ಹಿಡಿಯುತ್ತದೆ. ಹತ್ತು ಎಂಬರ್ಥದ ೧೦ರಲ್ಲಿ ಸೊನ್ನೆಯ ಹಿಂದೆ ಅಂಕಿ ಇರುವುದರಿಂದ ಅದು ಕೆಡುವುದಿಲ್ಲ. ಆದರೆ 'ಎ೦೧' ಎಂಬಂಥ ರಿಜಿಸ್ಟರ್ ಸಂಖ್ಯೆ ಇದ್ದರೆ ಅಲ್ಲಿ ಸೊನ್ನೆ ನಿಜವಾದ ಸೊನ್ನೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸದೆ, ಒಂದೊಂದನ್ನೇ ನೋಡಿ ಮುಂದೆ ಹೋಗಬೇಕು. ಅಂಕಿಗಳನ್ನೆಲ್ಲ 1, 2, 3 ರೂಪದಲ್ಲೇ ಬರೆಯಬೇಕು ಎಂದು ಕೈಪಿಡಿ ಹೇಳುತ್ತದೆ. ಹಾಗೆ ಬರೆದ ಕಡತದಲ್ಲಿ ಕನ್ನಡದ ಸೊನ್ನೆ ಎಲ್ಲಿ ಸಿಕ್ಕರೂ ಅದು ತಪ್ಪೇ. ಆ ನಿಯಮದ ದೊಡ್ಡ ಲಾಭ ಇದು, ಕೈಪಿಡಿ ಮಾತ್ರ ಇದನ್ನು ಹೇಳಿಲ್ಲ.

ವಿಸರ್ಗದ್ದೂ ಇದೇ ಕಥೆ. 'ಪುನಃ' ಬದಲು 'ಪುನ:' ಎಂದು ಕೋಲನ್ ಒತ್ತುವವರು ಬಹಳ. ಇಲ್ಲಿ ಮೇಲಿನಂಥ ಸೂತ್ರ ನಡೆಯುವುದಿಲ್ಲ, ಏಕೆಂದರೆ 'ದಿನಾಂಕ:' 'ವಿಷಯ:' ಎಂಬಲ್ಲಿ ಕೋಲನ್ ಸರಿಯಾಗಿಯೇ ಇರುತ್ತದೆ. ಪುನಃ, ಸ್ವತಃ, ಪ್ರಾಯಶಃ, ದುಃಖ ಎಂದು ಪದವಾರು ಹುಡುಕುವುದೊಂದೇ ದಾರಿ. ಕಚೇರಿಯ ಪತ್ರಗಳಲ್ಲಿ ಇಂಥ ಪದ ಹತ್ತನ್ನು ದಾಟುವುದು ಅಪರೂಪ.

ಮೂರನೆಯದು ಪದದ ನಡುವೆ ಕೂರುವ ಅಗೋಚರ ಅಕ್ಷರ, ಸಂಕೇತ U+200C. 'ಪಾಸ್‌ಬುಕ್' ಎಂದು ಬರೆಯುವಾಗ ಸ್ ಮತ್ತು ಬು ಒತ್ತಕ್ಷರವಾಗಿ ಅಂಟದಂತೆ ತಡೆಯುವುದು ಅದೇ. ಅದು ಬಿಟ್ಟುಹೋದರೆ 'ಪಾಸ್ಬುಕ್' ಎಂದಾಗುತ್ತದೆ. ಒಂದು ಶಾಖೆ ಒಂದು ಬಗೆ, ಇನ್ನೊಂದು ಶಾಖೆ ಇನ್ನೊಂದು ಬಗೆ ಬರೆದರೆ ಹಳೆಯ ಸುತ್ತೋಲೆ ಹುಡುಕುವಾಗ ಅರ್ಧವೇ ಸಿಗುತ್ತದೆ. ಇಲ್ಲಿ ಕೈಪಿಡಿಯ ಒಂದು ನಿಯಮ ನಮಗೆ ಬಹಳ ಹಿಡಿಸಿತು. ಇಂಗ್ಲಿಷಿನಿಂದ ಬಂದ ಪದಕ್ಕೆ ವಿಭಕ್ತಿ ಸೇರಿಸುವಾಗ 'ಬ್ಯಾಂಕ್‌ನ' 'ನೋಟೀಸ್‌ಗೆ' ಬೇಡ, 'ಬ್ಯಾಂಕಿನ' 'ನೋಟೀಸಿಗೆ' ಎಂದೇ ಬರೆಯಿರಿ ಎನ್ನುತ್ತದೆ. ಕೇಳಲಿಕ್ಕೂ ಕನ್ನಡವಾಗಿರುತ್ತದೆ, ಅಗೋಚರ ಅಕ್ಷರದ ಹಂಗೂ ತಪ್ಪುತ್ತದೆ. ಉಳಿಯುವುದು ಪಾಸ್‌ಬುಕ್, ಆನ್‌ಲೈನ್, ಸಾಫ್ಟ್‌ವೇರ್ ಥರದ ಒಂದಷ್ಟು ಪದ. ಅವನ್ನು ಕಂಪ್ಯೂಟರಿನ ಆಟೋಕರೆಕ್ಟ್ ಪಟ್ಟಿಗೆ ಸೇರಿಸಿಬಿಟ್ಟರೆ ಬೆರಳಚ್ಚು ಮಾಡುವವರು ನೆನಪಿಡಬೇಕಿಲ್ಲ.

ಕಡತ ತಿದ್ದುವಾಗ ಅನುಕ್ರಮ ಮುಖ್ಯ. ಮೊದಲು ಸೊನ್ನೆ, ಆಮೇಲೆ ವಿಸರ್ಗ, ಆಮೇಲೆ ಅಗೋಚರ ಅಕ್ಷರ, ಕೊನೆಗೆ ಪದಪಟ್ಟಿ. ಪದಪಟ್ಟಿಯಿಂದ ಶುರುಮಾಡಿದರೆ ಒಳಗೆ ಅಂಕಿ ಸೇರಿಕೊಂಡ ಪದಗಳು ಪಟ್ಟಿಗೆ ಸಿಗದೆ ಉಳಿದುಬಿಡುತ್ತವೆ. 'ಮು೦ಬಯಿ' ಎಂಬುದನ್ನು 'ಮುಂಬೈ' ಮಾಡಬೇಕೆಂದಿದ್ದರೆ, ಪಟ್ಟಿಯಲ್ಲಿರುವ 'ಮುಂಬಯಿ'ಗೆ ಅದು ಹೊಂದುವುದೇ ಇಲ್ಲ. ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ ಈ ಅನುಕ್ರಮ ಮೊದಲ ಪುಟದಲ್ಲೇ ಇರಬೇಕು.

ದಿನಾಂಕಕ್ಕೆ ಮೂರು ರೂಪ, ಮೂರಕ್ಕೂ ಅದರದ್ದೇ ಜಾಗ. ವಾಕ್ಯದೊಳಗೆ '2025ರ ಜೂನ್ 5'. ಕೋಷ್ಟಕದಲ್ಲಿ 05-06-2025. ಕಡತದ ಹೆಸರಿನಲ್ಲಿ 2025-06-05, ಏಕೆಂದರೆ ಹಾಗಿಟ್ಟರೆ ಕಡತಗಳು ಕಾಲಾನುಕ್ರಮದಲ್ಲಿ ತಾವೇ ಸಾಲಾಗಿ ನಿಲ್ಲುತ್ತವೆ. ವಾಕ್ಯದೊಳಗಿನ ರೂಪದ ಹಿಂದಿರುವ ಯೋಚನೆ ಚೆನ್ನಾಗಿದೆ. 'ಜೂನ್ 5, 2025ರಂದು' ಎಂದು ಬರೆದರೆ 'ರಂದು' ಪ್ರತ್ಯಯ ವರ್ಷಕ್ಕೆ ಅಂಟುತ್ತದೆ, ನಾವು ಹೇಳಹೊರಟದ್ದು ದಿನದ ಬಗ್ಗೆ. ಕನ್ನಡದಲ್ಲಿ ದೊಡ್ಡದು ಮೊದಲು ಬಂದು ಚಿಕ್ಕದು ಆಮೇಲೆ ಬರುವುದು ಸಹಜ: '2025ರ ಜೂನ್ 5ರಂದು', 'ಜೂನ್ 5ರೊಳಗೆ', 'ಜೂನ್ 5ರಿಂದ'. ಯಾವ ವಿಭಕ್ತಿ ಬಂದರೂ ವಾಕ್ಯ ಮುರಿಯುವುದಿಲ್ಲ.

ಕೋಷ್ಟಕದ ರೂಪ ಕಾಗದದ ಮೇಲೆ ಸುರಕ್ಷಿತ, ಎಕ್ಸೆಲ್ಲಿನಲ್ಲಿ ಅಲ್ಲ. ವಿಂಡೋಸಿನ Region ಆಯ್ಕೆ English (United States) ಎಂದಿರುವ ಕಂಪ್ಯೂಟರಿನಲ್ಲಿ ಠೇವಣಿ ಅವಧಿ ಮುಗಿಯುವ ಪಟ್ಟಿಯ CSV ಕಡತ ತೆರೆದರೆ 05-06-2025 ಎಂಬುದು ಮೇ 6 ಆಗುತ್ತದೆ. 13-06-2025 ಎಂಬುದಕ್ಕೆ ಹದಿಮೂರನೆಯ ತಿಂಗಳೇ ಇಲ್ಲದ್ದರಿಂದ ಅದು ದಿನಾಂಕವಾಗದೆ ಬರೀ ಪಠ್ಯವಾಗಿ ಉಳಿಯುತ್ತದೆ. ಅಂದರೆ ತಿಂಗಳ ಮೊದಲ 12 ದಿನಗಳು ಸದ್ದಿಲ್ಲದೆ ತಪ್ಪಾಗುತ್ತವೆ (ದಿನವೂ ತಿಂಗಳೂ ಒಂದೇ ಸಂಖ್ಯೆಯಾಗಿದ್ದರೆ ಮಾತ್ರ ಪಾರು), ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಗುರುತು ಸುಲಭ: ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಒತ್ತಿಕೊಂಡಿದ್ದರೆ ಎಡದವು ಪಠ್ಯ, ಬಲದವು ಅದಲುಬದಲಾದವು. ತೆರೆದ ಮೇಲೆ ತಿದ್ದಲು ಹೋಗಬಾರದು. ಉಳಿಸದೆ ಮುಚ್ಚಿ, Region ಅನ್ನು English (India) ಅಥವಾ Kannada (India) ಎಂದು ಬದಲಿಸಿ, ಮೂಲ ಕಡತವನ್ನು ಮತ್ತೆ ತೆರೆಯಬೇಕು. ಇದು ಕೈಪಿಡಿಯ ಅನುಬಂಧದಲ್ಲಿ ಅರ್ಧ ಪುಟದಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೈಪಿಡಿಯ ಅತಿ ಬೆಲೆಬಾಳುವ ಅರ್ಧ ಪುಟ ಅದು.

ನೋಟೀಸಿನಲ್ಲಿ ದಿನಾಂಕದ ಜತೆ ವಾರ ಕಡ್ಡಾಯ. '2025ರ ಸೆಪ್ಟೆಂಬರ್ 14, ಭಾನುವಾರ' ಎಂದಿದ್ದರೆ, ಯಾರಾದರೂ ಕಳೆದ ವರ್ಷದ ನೋಟೀಸನ್ನು ನಕಲು ಮಾಡಿ ತಾರೀಕು ಮಾತ್ರ ತಿದ್ದಿದಾಗ ವಾರ ಹೊಂದದೆ ತಪ್ಪು ಸಿಕ್ಕಿಬೀಳುತ್ತದೆ. ಕರಾವಳಿಯಲ್ಲಿ ಭಾನುವಾರ, ರವಿವಾರ, ಆದಿತ್ಯವಾರ ಮೂರೂ ಬಳಕೆಯಲ್ಲಿವೆ. ಕೈಪಿಡಿ ಭಾನುವಾರವನ್ನು ಆರಿಸಿಕೊಂಡಿದೆ. ಆಟಿ, ಸೋಣ ಎಂದು ತುಳು ತಿಂಗಳ ಹೆಸರು ಬಂದರೆ ಪಕ್ಕದಲ್ಲಿ ಇಂಗ್ಲಿಷ್ ತಾರೀಕು ಇರಲೇಬೇಕು ಎಂಬ ನಿಯಮವೂ ಇದೆ. ಹೊರಗಿನಿಂದ ಬಂದ ಲೆಕ್ಕಪರಿಶೋಧಕರಿಗೆ ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಎಂದು ತಿಳಿದಿರಬೇಕೆಂದೇನಿಲ್ಲ.

ಶೀರ್ಷಿಕೆಯ ಭಾಗದಲ್ಲಿ ಹೇಳುವಂಥದ್ದು ಕಡಿಮೆ. ದಪ್ಪ ಮಾಡಿ ಅಕ್ಷರ ದೊಡ್ಡದು ಮಾಡುವ ಬದಲು Heading 1, Heading 2 ಬಳಸಿ, ಮೂರನೇ ಹಂತಕ್ಕೆ ಹೋಗಬೇಡಿ, ಕೊನೆಗೆ ಪೂರ್ಣವಿರಾಮ ಬೇಡ. ಎಲ್ಲ ಸರಿ. ಬಿಟ್ಟುಹೋದದ್ದು ಒಂದೇ: ವರ್ಡ್ ಕನ್ನಡಕ್ಕೆ ಬೇರೆ ಫಾಂಟು, ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಶೈಲಿಯನ್ನು ತಿದ್ದುವಾಗ Font ಕಿಟಕಿಯಲ್ಲಿ Complex scripts ಎಂಬ ಭಾಗವನ್ನೂ ತುಂಬದಿದ್ದರೆ 'KYC ದಾಖಲೆಗಳು' ಎಂಬ ಶೀರ್ಷಿಕೆಯಲ್ಲಿ ಇಂಗ್ಲಿಷ್ ದಪ್ಪವಾಗಿ, ಕನ್ನಡ ಸಣ್ಣದಾಗಿ ಉಳಿಯುತ್ತದೆ. ಲಿಬ್ರೆ ಆಫೀಸಿನಲ್ಲಿ ಇದೇ ಭಾಗಕ್ಕೆ CTL ಅಥವಾ Complex ಎಂದು ಹೆಸರು.

ಧಾಟಿಯ ಬಗ್ಗೆ ಕೈಪಿಡಿ 'ಸರಳವಾಗಿ, ಗೌರವದಿಂದ ಬರೆಯಿರಿ' ಎಂದು ಹೇಳಿ ಕೈತೊಳೆದುಕೊಂಡಿದೆ. ಇದರಿಂದ ಯಾರೂ ಏನನ್ನೂ ಬದಲಿಸಿಕೊಳ್ಳಲಿಲ್ಲ. ಮಾದರಿ ಇಲ್ಲದೆ ಧಾಟಿ ಬರುವುದಿಲ್ಲ. ಹಳೆಯ ಪತ್ರದ ಸಾಲು ಹೀಗಿರುತ್ತಿತ್ತು: 'ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆವೈಸಿ ದಾಖಲೆಗಳನ್ನು ಸಲ್ಲಿಸದೇ ಇರುವ ಸದಸ್ಯರು ಕೂಡಲೇ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಇದರಲ್ಲಿ ಗಡುವು ಇಲ್ಲ, ಎಲ್ಲಿಗೆ ಕೊಡಬೇಕೆಂದಿಲ್ಲ, ಕ್ರಮ ಏನೆಂದಿಲ್ಲ. ಅದನ್ನೇ ಹೀಗೆ ಬರೆಯಬಹುದು: 'ನಿಮ್ಮ ಆಧಾರ್ ಮತ್ತು ಪಾನ್ ಪ್ರತಿಗಳನ್ನು ಜೂನ್ 30ರೊಳಗೆ ನಿಮ್ಮ ಶಾಖೆಗೆ ಕೊಡಿ. ಕೊಡದಿದ್ದರೆ ಜುಲೈ 1ರಿಂದ ಖಾತೆಯಿಂದ ಹಣ ತೆಗೆಯಲು ಆಗುವುದಿಲ್ಲ.' ಗೌರವ ಕಡಿಮೆಯಾಗಲಿಲ್ಲ, ಓದಿದವರಿಗೆ ಮಾಡಬೇಕಾದ ಕೆಲಸ ತಿಳಿಯಿತು. ಇಂಥ ಹತ್ತು ಜೋಡಿ ಸಾಲುಗಳನ್ನು ಕೊಟ್ಟಿದ್ದರೆ ಈ ಭಾಗಕ್ಕೆ ಬೆಲೆ ಬರುತ್ತಿತ್ತು.

ಇಂಥ ಕೈಪಿಡಿ ಮಾಡಿಸಿಕೊಳ್ಳುವವರು ಅಥವಾ ತಾವೇ ತಯಾರಿಸಿಕೊಳ್ಳುವವರು ಇನ್ನೊಂದು ನಿಯಮವನ್ನು ಸೇರಿಸಿಕೊಳ್ಳಬೇಕು. ಸಂಘದ ಬೈಲಾ, ಮಹಾಸಭೆಯ ನಿರ್ಣಯ, ನ್ಯಾಯಾಲಯದ ಆದೇಶ ಇವುಗಳಿಂದ ಸಾಲನ್ನು ಎತ್ತಿ ಬರೆಯುವಾಗ ಅದನ್ನು ಶೈಲಿಗೆ ತಕ್ಕಂತೆ ತಿದ್ದುವಂತಿಲ್ಲ. 'ಸಲ್ಲಿಸತಕ್ಕದ್ದು' ಎಂದಿದ್ದರೆ ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅದರ ಕೆಳಗೆ ಸರಳ ಮಾತಿನಲ್ಲಿ ವಿವರಿಸಬೇಕು. ಮೂಡಬಿದ್ರಿ ಎಂದು ನಿರ್ಣಯದಲ್ಲಿ ಬರೆದಿದ್ದರೆ ಉದ್ಧರಣದಲ್ಲಿ ಅದೂ ಮೂಡಬಿದ್ರಿಯೇ.