ವೀಸಾ ಕವರಿಂಗ್ ಲೆಟರ್: ಕೈಯಲ್ಲಿದ್ದ ಸಾಕ್ಷಿಯೇ ತಿರುಗಿಬಿದ್ದ ಒಂದು ಅರ್ಜಿ

ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾದಲ್ಲಿ ಹೋಗಿಬರಲು ಬಿಡುವ ಶೆಂಗೆನ್ ವಿಸಿಟರ್ ವೀಸಾಕ್ಕೆ ಹಾಕಿದ್ದ ಒಂದು ಅರ್ಜಿ ಎರಡು ಕಾರಣ ಕೊಟ್ಟು ತಿರಸ್ಕೃತವಾಯಿತು. ಪ್ರವಾಸದ ಉದ್ದೇಶಕ್ಕೆ ಕೊಟ್ಟ ವಿವರಣೆ ನಂಬುವಂತಿಲ್ಲ ಎಂಬುದು ಒಂದು. ವೀಸಾ ಅವಧಿ ಮುಗಿಯುವ ಮುನ್ನ ಹೊರಡುವ ಇರಾದೆ ಬಗ್ಗೆ ಅನುಮಾನವಿದೆ ಎಂಬುದು ಇನ್ನೊಂದು. ಅರ್ಜಿದಾರರಿಗೆ ಏಳು ವರ್ಷದ ಕಾಯಂ ನೌಕರಿಯಿದೆ, ಖಾತೆಯಲ್ಲಿ ಸಾಕಷ್ಟು ಹಣವಿದೆ, ಹೆಂಡತಿ ಮತ್ತು ಮಗು ಊರಲ್ಲೇ ಇರುತ್ತಾರೆ. ಇಷ್ಟೆಲ್ಲ ಇದ್ದೂ ಕೆಲಸ ಕೆಟ್ಟಿದ್ದು ಒಂದೂವರೆ ಪುಟದ ಕವರಿಂಗ್ ಲೆಟರಿನಿಂದ. ಭಾಷೆ ಸೊಗಸಾಗಿತ್ತು, ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ ಜೊತೆಗಿಟ್ಟ ಕಾಗದಗಳ ಪಕ್ಕದಲ್ಲಿಟ್ಟು ಅದನ್ನು ಯಾರೂ ಓದಿರಲಿಲ್ಲ. ಅಧಿಕಾರಿ ಓದುವುದೇ ಹಾಗೆ.

ಮೊದಲು ತಾರೀಖುಗಳನ್ನು ನೋಡಿ. ಟಿಕೆಟಿನ ಪ್ರಕಾರ ಮೇ 4ರ ರಾತ್ರಿ ವಿಮಾನ ಹತ್ತಿ 5ರಂದು ಇಳಿಯುವುದು, 19ರ ರಾತ್ರಿ ಅಲ್ಲಿಂದ ಹೊರಟು 20ಕ್ಕೆ ಮನೆ ಸೇರುವುದು. ಅರ್ಜಿ ನಮೂನೆಯಲ್ಲಿ ಆಗಮನ 5, ನಿರ್ಗಮನ 19 ಎಂದು ಸರಿಯಾಗಿಯೇ ತುಂಬಿದ್ದರು. ಲೆಟರಿನಲ್ಲಿ ಮಾತ್ರ ‘ಮೇ 4ರಿಂದ 18ರವರೆಗೆ, 14 ದಿನ’ ಎಂದಿತ್ತು. ಊರು ಬಿಡುವ ದಿನವನ್ನೇ ಪ್ರವಾಸದ ಮೊದಲ ದಿನವೆಂದು ಹಿಡಿದು, ರಾತ್ರಿಗಳನ್ನು ಎಣಿಸಿ ದಿನ ಎಂದು ಬರೆದಿದ್ದರು. ಶೆಂಗೆನ್ ಲೆಕ್ಕದಲ್ಲಿ ಒಳಗೆ ಕಾಲಿಟ್ಟ ದಿನವೂ ಒಂದು, ಹೊರಬಿದ್ದ ದಿನವೂ ಒಂದು. 5ರಿಂದ 19ರವರೆಗೆ ಎಂದರೆ 15 ದಿನ, 14 ರಾತ್ರಿ. ಇದೊಂದೇ ಆಗಿದ್ದರೆ ಬಹುಶಃ ದಾಟಿಹೋಗುತ್ತಿತ್ತು. ಆದರೆ ವಿಮೆ ಮಾಡಿಸುವಾಗ ಏಜೆಂಟರಿಗೆ ತೋರಿಸಿದ್ದು ಇದೇ ಲೆಟರನ್ನು. ವಿಮೆಯೂ 4ರಿಂದ 18ರವರೆಗೆ ಬಂತು, 19ನೇ ತಾರೀಖಿಗೆ ರಕ್ಷಣೆಯೇ ಇಲ್ಲದಂತಾಯಿತು. ಅಲ್ಲಿದ್ದಷ್ಟು ದಿನಕ್ಕೂ ಕನಿಷ್ಠ 30,000 ಯೂರೋ ವಿಮೆ ಇರಲೇಬೇಕು ಎಂಬುದು ನಿಯಮ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಆಫೀಸಿನ ರಜೆ ಪತ್ರ. ಅದರಲ್ಲಿ ರಜೆ 5ರಿಂದ 15ರವರೆಗೆ, 18ರಂದು ಕೆಲಸಕ್ಕೆ ಹಾಜರಿ ಎಂದಿತ್ತು. ಮೊದಲು 16ಕ್ಕೆ ವಾಪಸ್ ಬರುವ ಯೋಚನೆಯಿತ್ತು. ಆಮೇಲೆ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು 19ಕ್ಕೆ ಬದಲಿಸಿದರು, ರಜೆ ಪತ್ರವನ್ನು ಮತ್ತೆ ಮಾಡಿಸಲಿಲ್ಲ. ಓದುವವರಿಗೆ ಈ ಹಿನ್ನೆಲೆ ಹೇಗೆ ಗೊತ್ತಾಗಬೇಕು? 18ಕ್ಕೆ ಡ್ಯೂಟಿಗೆ ಬರಬೇಕಾದ ಮನುಷ್ಯ 19ರ ರಾತ್ರಿವರೆಗೂ ಯುರೋಪಿನಲ್ಲಿರುತ್ತಾನೆ ಎಂಬುದಷ್ಟೇ ಅವರ ಕಣ್ಣಿಗೆ ಬೀಳುವುದು. ಮರಳಿ ಬರಲು ಇರುವ ಮುಖ್ಯ ಕಾರಣವೇ ನೌಕರಿ ಎಂದು ತೋರಿಸಬೇಕಿದ್ದ ಕಾಗದ, ಆ ನೌಕರಿಯ ಬಗ್ಗೆಯೇ ಅನುಮಾನ ಹುಟ್ಟಿಸಿತು. ಜೊತೆಗೆ ಲೆಟರಿಗೆ ಮಾರ್ಚ್ 10ರ ತಾರೀಖು ಹಾಕಿ, ಅದರೊಳಗೆ ಮಾರ್ಚ್ 14ರ ರಜೆ ಪತ್ರವನ್ನು ಉಲ್ಲೇಖಿಸಿದ್ದರು. ಲೆಟರನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು, ಕೊನೆಯ ತಾರೀಖೇ ಅದಕ್ಕಿರಬೇಕು.

ಆದ್ದರಿಂದ ಲೆಟರನ್ನು ಪರಿಶೀಲಿಸುವವರು ಲೆಟರಿನಿಂದ ಶುರುಮಾಡಬೇಡಿ. ಅದನ್ನು ಬದಿಗಿಟ್ಟು ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ, ರಜೆ ಪತ್ರ, ಆಹ್ವಾನ ಪತ್ರ, ಅರ್ಜಿ ನಮೂನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರಲ್ಲೂ ಇರುವ ಮೊದಲ ಮತ್ತು ಕೊನೆಯ ತಾರೀಖನ್ನು ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆಯಿರಿ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಹೆಸರಿನಲ್ಲೇ ಬರೆಯಿರಿ. 05/06 ಎಂದರೆ ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6. ಆಮೇಲೆ ಲೆಟರನ್ನು ತೆರೆದು, ಅದರಲ್ಲಿರುವ ಒಂದೊಂದು ತಾರೀಖಿಗೂ ಈ ಹಾಳೆಯಲ್ಲಿ ಜೋಡಿ ಹುಡುಕಿ. ಜೋಡಿ ಸಿಗದಿದ್ದರೆ ಲೆಟರನ್ನು ತಿದ್ದಿದರೆ ಸಾಕೋ, ಮೂಲ ಕಾಗದವನ್ನೇ ಹೊಸದಾಗಿ ಮಾಡಿಸಬೇಕೋ ಎಂದು ಆಗಲೇ ತೀರ್ಮಾನಿಸಿ. ಈ ಪ್ರಕರಣದಲ್ಲಿ ಲೆಟರ್, ವಿಮೆ, ರಜೆ ಪತ್ರ ಮೂರನ್ನೂ ಬದಲಿಸಬೇಕಿತ್ತು. ರಜೆ 20ರವರೆಗೆ ಇದ್ದು, 21ಕ್ಕೆ ಹಾಜರಿ ಎಂದಿರಬೇಕಿತ್ತು.

ಉದ್ದೇಶದ ವಿಷಯ ಇನ್ನೂ ಸೂಕ್ಷ್ಮ. ಲೆಟರ್ ಪೂರ್ತಿ ಪ್ರವಾಸವೇ: ಮೂರು ನಗರ, ವಸ್ತುಸಂಗ್ರಹಾಲಯಗಳು, ಫೋಟೋಗ್ರಫಿ ಹವ್ಯಾಸ. ಆದರೆ 14 ರಾತ್ರಿಗಳಲ್ಲಿ ಹೋಟೆಲ್ ಬುಕಿಂಗ್ ಇದ್ದದ್ದು ನಾಲ್ಕಕ್ಕೆ ಮಾತ್ರ. ಉಳಿದ ಹತ್ತು ರಾತ್ರಿ ತಂಗಿಯ ಮನೆಯಲ್ಲಿ. ತಂಗಿಯ ಆಹ್ವಾನ ಪತ್ರವನ್ನೂ ಲಗತ್ತಿಸಿದ್ದರು, ಲೆಟರಿನಲ್ಲಿ ಮಾತ್ರ ಆಕೆಯ ಸುದ್ದಿಯೇ ಇಲ್ಲ. ಅಲ್ಲಿ ನೆಂಟರಿದ್ದಾರೆ ಎಂದರೆ ಅಲ್ಲೇ ಉಳಿದುಬಿಡುತ್ತಾರೆ ಎಂದುಕೊಳ್ಳುತ್ತಾರೆ ಎಂಬ ಭಯಕ್ಕೆ ತುಂಬ ಜನ ಹೀಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನೆಂಟರಿರುವುದು ತಪ್ಪಲ್ಲ. ಒಂದು ಕಾಗದದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ಮುಚ್ಚಿಟ್ಟಂತೆ ಕಾಣುತ್ತದೆ. ನಮೂನೆಯಲ್ಲಿ ಪ್ರವಾಸಕ್ಕೂ ನೆಂಟರಿಷ್ಟರ ಭೇಟಿಗೂ ಬೇರೆಬೇರೆ ಚೌಕಗಳೇ ಇವೆ.

ಆ ಆಹ್ವಾನ ಪತ್ರದಲ್ಲಿ ಇನ್ನೊಂದು ವಾಕ್ಯವಿತ್ತು: ‘ಮೇ ಕೊನೆಯ ವಾರ ನನ್ನ ಹೆರಿಗೆ, ಆ ಹೊತ್ತಿಗೆ ಅಣ್ಣ ಜೊತೆಗಿದ್ದರೆ ಧೈರ್ಯ.’ ವಾಪಸ್ ಟಿಕೆಟ್ ಇರುವುದು 19ಕ್ಕೆ. ಹೆರಿಗೆಗೆ ಜೊತೆಗಿರಲು ಬಂದವನು ಹೆರಿಗೆಗೆ ಮುಂಚೆಯೇ ಹೊರಡುತ್ತಾನೆಯೇ? ಟಿಕೆಟ್ ನಿಜವೋ, ಆಹ್ವಾನ ನಿಜವೋ ಎಂದು ಯಾರಿಗಾದರೂ ಅನ್ನಿಸುತ್ತದೆ. ಉದ್ದೇಶವನ್ನು ಪರೀಕ್ಷಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇದು: ಹೇಳಿದ ಕೆಲಸ, ಹೇಳಿದ ದಿನಗಳೊಳಗೆ ಮುಗಿಯುತ್ತದೆಯೇ? ನಿಜ ಏನಾಗಿತ್ತೆಂದರೆ, ಅಣ್ಣನಿಗೆ ರಜೆ ಸಿಗುತ್ತಿದ್ದದ್ದೇ ಹೆರಿಗೆಗೆ ಮುಂಚಿನ ಆ ದಿನಗಳಲ್ಲಿ. ಹೆರಿಗೆ ಸಮಯಕ್ಕೆ ತಂಗಿಯ ಅತ್ತೆ ಬಂದಿರುತ್ತಿದ್ದರು. ಇದನ್ನು ಎರಡೇ ವಾಕ್ಯದಲ್ಲಿ ಬರೆಯಬಹುದಿತ್ತು: ‘ತಂಗಿಯನ್ನು ನೋಡಲು ಹೋಗುತ್ತಿದ್ದೇನೆ, ಹತ್ತು ರಾತ್ರಿ ಆಕೆಯ ಮನೆಯಲ್ಲಿ, ನಾಲ್ಕು ರಾತ್ರಿ ಹೋಟೆಲಿನಲ್ಲಿ ಇರುತ್ತೇನೆ. ಹೆರಿಗೆ ವೇಳೆಗೆ ನಾನು ಮರಳಿರುತ್ತೇನೆ, ಆಗ ಆಕೆಯ ಅತ್ತೆ ಜೊತೆಗಿರುತ್ತಾರೆ.’ ತಂಗಿಯ ಪತ್ರದಲ್ಲೂ ಇದೇ ಇರಬೇಕು. ಲೆಟರ್ ಬರೆಯುವ ಮುಂಚೆ ಆಹ್ವಾನಿಸುವವರ ಜೊತೆ ಕೂತು ಮಾತಾಡದೆ ಇದು ಆಗುವುದಿಲ್ಲ.

ಮರಳಿ ಬರುವ ಬಗ್ಗೆ ಕೊನೆಯ ಪ್ಯಾರಾದಲ್ಲಿ ಬರೆದದ್ದು: ‘ತಾಯ್ನಾಡೆಂದರೆ ನನಗೆ ಪ್ರಾಣ, ಖಂಡಿತ ಹಿಂದಿರುಗುತ್ತೇನೆಂದು ಮಾತು ಕೊಡುತ್ತೇನೆ. ನನಗೆ ಸ್ವಂತ ಮನೆಯೂ ನಿವೇಶನವೂ ಇವೆ.’ ಮಾತಿಗೆ ದಾಖಲೆಯಿಲ್ಲ. ಲಗತ್ತಿಸಿದ ಮನೆ ಪತ್ರ ತಂದೆಯ ಹೆಸರಿನಲ್ಲಿತ್ತು, ‘ನನಗೆ ಸ್ವಂತ’ ಎಂಬುದು ಅಲ್ಲಿಗೇ ಬಿತ್ತು. ತನ್ನ ಹೆಸರಿನಲ್ಲೇ ಇದ್ದರೂ ಆಸ್ತಿ ದುರ್ಬಲ ಕಾರಣವೇ. ಮಾಲೀಕ ಊರಲ್ಲಿಲ್ಲದಿದ್ದರೂ ಮನೆ ನಿಂತೇ ಇರುತ್ತದೆ. ಇಂಥ ದಿನ ಇಂಥ ಕಡೆ ನಾನೇ ಇರಬೇಕು ಎನ್ನುವ ಹೊಣೆ ಗಟ್ಟಿ ಕಾರಣ. ಅದು ಇವರ ಬಳಿ ಬೇಕಾದಷ್ಟಿತ್ತು, ಆದರೆ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗುವಿನ ಪ್ರಸ್ತಾಪವೇ ಲೆಟರಿನಲ್ಲಿರಲಿಲ್ಲ.

ಹೀಗೆ ಬರೆದಿದ್ದರೆ ಸಾಕಿತ್ತು: ‘ಏಳು ವರ್ಷದಿಂದ ಇದೇ ಸಂಸ್ಥೆಯಲ್ಲಿ ಕಾಯಂ ನೌಕರ, ಮೇ 21ರಂದು ಕೆಲಸಕ್ಕೆ ಹಾಜರಾಗಬೇಕು (ಲಗತ್ತು 4). ನೌಕರಿಯಲ್ಲಿರುವ ಹೆಂಡತಿ ಮತ್ತು 6 ವರ್ಷದ ಮಗು ನನ್ನೊಂದಿಗೆ ಬರುತ್ತಿಲ್ಲ (ಲಗತ್ತು 5, 6).’ ಒಂದೊಂದು ವಾಕ್ಯವನ್ನೂ ಓದಿ, ಇದಕ್ಕೆ ಯಾವ ಲಗತ್ತು ಎಂದು ಕೇಳಿ. ಲಗತ್ತಿಲ್ಲದ ವಾಕ್ಯವನ್ನು ತೆಗೆಯಿರಿ. ಲಗತ್ತಿದ್ದರೆ ಅದನ್ನು ತೆರೆದು ಹೆಸರು, ಹುದ್ದೆ, ತಾರೀಖು ಹೊಂದುತ್ತವೆಯೇ ನೋಡಿ. ಲೆಟರಿನಲ್ಲಿ ‘ಕಾಯಂ’ ಎಂದಿದ್ದು, ಆಫೀಸಿನ ಪತ್ರದಲ್ಲಿ ‘ಪ್ರೊಬೇಷನ್’ ಎಂದಿರುವುದೂ ಉಂಟು.

ತಿರಸ್ಕಾರವಾದರೆ ಶುಲ್ಕ ವಾಪಸ್ ಬರುವುದಿಲ್ಲ. 2024ರ ಜೂನ್‌ನಿಂದ ವಯಸ್ಕರಿಗೆ ಅದು 90 ಯೂರೋ. ಅರ್ಜಿಯ ವಿವರ ಶೆಂಗೆನ್ ದೇಶಗಳೆಲ್ಲ ಹಂಚಿಕೊಳ್ಳುವ ದತ್ತಾಂಶ ಸಂಗ್ರಹದಲ್ಲಿ ಐದು ವರ್ಷದವರೆಗೆ ಉಳಿಯುತ್ತದೆ. ಹಾಗಾಗಿ ಇನ್ನೊಂದು ಶೆಂಗೆನ್ ದೇಶಕ್ಕೆ ಹಾಕಿದರೂ ಹಳೆಯದು ಕಾಣುತ್ತದೆ. ಎರಡನೇ ಸಲ ಹಾಕುವವರು ಹಳೆಯ ತಿರಸ್ಕಾರವನ್ನು ಲೆಟರಿನ ಎರಡನೇ ಪ್ಯಾರಾದಲ್ಲೇ ತಾರೀಖು ಸಮೇತ ಹೇಳಿ, ಯಾವ ಕಾಗದದಲ್ಲಿ ಏನು ತಪ್ಪಿತ್ತು, ಈಗ ಯಾವುದನ್ನು ಹೊಸದಾಗಿ ಇಟ್ಟಿದ್ದೇವೆ ಎಂದು ನೇರವಾಗಿ ಬರೆಯಿರಿ. ಹಳೆಯ ಲೆಟರಿನ ಪ್ರತಿಯೂ ಎದುರಿಗಿರಲಿ. ಹೊಸ ಲೆಟರ್ ಅದರ ಜೊತೆಗೂ ಹೊಂದಬೇಕು, ಹೊಂದದ ಕಡೆ ಕಾರಣ ಕೊಡಬೇಕು.